ದಾಲ್ ಮಿಲ್ ಸ್ಪೇರ್ಸ್ ಅಂಗಡಿಯ ವರ್ಷಾಂತ್ಯದ ರಜೆ: ಗಿರಾಕಿಗೆ ಯಾವ ತಾರೀಖು, ಯಾರ ನಂಬರ್?

ಪ್ರಶ್ನೆ: ಕಲಬುರಗಿ ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ ನಮ್ದು ದಾಲ್ ಮಿಲ್ ಸ್ಪೇರ್ಸ್ ಅಂಗಡಿ, ಜೊತಿಗೆ ರೋಲರ್‌ಗೆ ಹೊಸ ಎಮರಿ ಹಚ್ಚಿ ಕೊಡೋ ವರ್ಕ್‌ಶಾಪ್ ಅದ. ಹುಡುಗರು ಅರ್ಧಕ್ಕರ್ಧ ಬೀದರ, ಹುಮನಾಬಾದ ಕಡಿಯವರು, ಕ್ರಿಸ್‌ಮಸ್‌ಗೆ ಊರಿಗೆ ಹೋಗ್ತಾರ. ಈ ಸಲ 2026ರ ಡಿಸೆಂಬರ್ 24ರಿಂದ ಜನವರಿ 3ರ ತನಕ ಬಂದ್ ಇಡಬೇಕಂತ ಮಾಡೀವಿ. ಹೋದ ವರ್ಷ ವಾಟ್ಸಾಪ್‌ನಾಗ ರಜೆ ಅಂತ ಹಾಕಿದ್ರೂ ದಿನಾ ಫೋನ್ ಬಂದವು. ಲಾತೂರಿಂದ ಬಂದ ಎರಡು ರೋಲರ್ ಟ್ರಾನ್ಸ್‌ಪೋರ್ಟ್ ಗೋದಾಮಿನಾಗೇ ಬಿದ್ದು ಡೆಮರೇಜ್ ಕಟ್ಟಬೇಕಾಯ್ತು. ಗಿರಾಕಿಗಳಿಗೆ ಹ್ಯಾಂಗ ತಿಳಿಸಬೇಕು, ಕೊನೀ ಮಾಲು ಯಾವತ್ತು ಅಂತ ಹೇಳಬೇಕು, ಅರ್ಜೆಂಟ್‌ಗೆ ಯಾರ ನಂಬರ್ ಕೊಡಬೇಕು? ಹಳೇ ಎಮರಿ ಬಿಡಿಸ್ಲಿಕ್ಕ ಒಂದ್ ದಿನ, ಹಚ್ಚಿದ ಮ್ಯಾಲ ಎಂಟ್ ದಿನ ಒಣಗಬೇಕು, ಡ್ರೆಸ್ಸಿಂಗ್ ದಿನಕ್ಕ ಮೂರು ರೋಲರ್ ಆಗ್ತಾವ.

ಉತ್ತರ: ಅಂಗಡಿಗೆ ಎಂದು ಬೀಗ ಬೀಳುತ್ತದೆ ಎನ್ನುವುದು ನಿಮ್ಮ ಲೆಕ್ಕ. ಮಿಲ್ ನಡೆಸುವವರಿಗೆ ಬೇಕಾದ ಲೆಕ್ಕ ಬೇರೆ. ರೋಲರ್ ಯಾವತ್ತಿನೊಳಗೆ ತಂದು ಕೊಟ್ಟರೆ ರಜೆಗೆ ಮುಂಚೆ ವಾಪಸ್ ಸಿಗುತ್ತದೆ? ಬೆಲ್ಟು, ಬೇರಿಂಗ್, ಜಾಳಿ ಬೇಕಿದ್ದರೆ ದುಡ್ಡು ಯಾವತ್ತಿನೊಳಗೆ ಹಾಕಬೇಕು? ರಜೆಯ ನಡುವೆ ಮಿಲ್ ನಿಂತುಹೋದರೆ ಏನು ಗತಿ? ಬಾಗಿಲು ತೆರೆದ ಮೇಲೆ ಮಾಲು ನಿಜಕ್ಕೂ ಯಾವತ್ತು ಹೊರಡುತ್ತದೆ? ಈ ನಾಲ್ಕಕ್ಕೆ ಸಂದೇಶದಲ್ಲಿ ಉತ್ತರ ಇಲ್ಲದಿದ್ದರೆ ಗಿರಾಕಿ ಫೋನ್ ಮಾಡಿಯೇ ಮಾಡುತ್ತಾನೆ. ನಿಮ್ಮ ಊರಿನ ಹಂಗಾಮೂ ಇದನ್ನು ಬಿಗಿ ಮಾಡುತ್ತದೆ. ಡಿಸೆಂಬರಿನಲ್ಲಿ ಹೊಸ ತೊಗರಿ ಗಂಜ್ ಮಾರುಕಟ್ಟೆಗೆ ಬರಲು ಶುರುವಾಗಿ ಜನವರಿಯಲ್ಲಿ ಆವಕ ಜೋರಾಗುತ್ತದೆ. ಮಿಲ್‌ಗಳು ರೋಲರ್ ತಯಾರು ಮಾಡಿಸಿಕೊಳ್ಳುವುದೂ ಸರಿಯಾಗಿ ಅದೇ ಹೊತ್ತಿಗೆ.

ಮೊದಲು ಕೊನೆಯ ರವಾನೆಯ ದಿನ. ಇದನ್ನು ನಿಮ್ಮ ಕೊನೆಯ ಕೆಲಸದ ದಿನದಿಂದ ಲೆಕ್ಕ ಹಾಕಬೇಡಿ. ಗಿರಾಕಿಯ ಗೇಟಿನಿಂದ ಹಿಂದಕ್ಕೆ ಎಣಿಸುತ್ತ ಬನ್ನಿ. ನಿಮ್ಮ ಕೊನೆಯ ಕೆಲಸದ ದಿನ ಡಿಸೆಂಬರ್ 23, ಬುಧವಾರ. ಅಂದೇ ಕೊನೆಯ ರವಾನೆ ಎಂದು ಬರೆದರೆ ಏನಾಗುತ್ತದೆ ನೋಡಿ. ಕಲಬುರಗಿಯಿಂದ ಲಾತೂರು, ಸೊಲ್ಲಾಪುರ, ಹೈದರಾಬಾದಿಗೆ ಲಾರಿ ಓಡುವುದು ಒಂದೇ ರಾತ್ರಿ. ಆದರೆ ಪಾರ್ಟ್ ಲೋಡ್ ಮಾಲು ಲಾರಿ ತುಂಬುವ ತನಕ ಇಲ್ಲಿನ ಗೋದಾಮಿನಲ್ಲಿ ಒಂದು ದಿನ ಕಾಯಬಹುದು, ಅಲ್ಲಿ ಇಳಿದ ಮೇಲೆ ಡೆಲಿವರಿಗೆ ಇನ್ನೊಂದು ದಿನ ಹಿಡಿಯಬಹುದು. 23ರ ಸಂಜೆ ಕೊಟ್ಟ ಮಾಲು 25ರ ಶುಕ್ರವಾರ ರಜೆಯ ದಿನ ಅಲ್ಲಿ ಇಳಿಯುತ್ತದೆ, 27 ಭಾನುವಾರ. ಆ ನಡುವೆ ಬಿಲ್ಟಿ ನಂಬರ್ ತಪ್ಪಿದೆ, ಹೆಸರು ತಪ್ಪಿದೆ ಎಂದು ಫೋನ್ ಬಂದರೆ ಎತ್ತುವವರು ನಿಮ್ಮಲ್ಲಿ ಯಾರೂ ಇರುವುದಿಲ್ಲ.

ಆದ್ದರಿಂದ ಹೊರರಾಜ್ಯದ ಮಾಲಿಗೆ ಕೊನೆಯ ರವಾನೆ 21, ಸೋಮವಾರ ಎಂದು ಇಡಿ. 22ಕ್ಕೆ ಲೋಡ್ ಆಗಿ, 23ಕ್ಕೆ ಅಲ್ಲಿ ಇಳಿದು, 24ಕ್ಕೆ ಗಿರಾಕಿಯ ಕೈ ಸೇರಲು ಜಾಗ ಉಳಿಯುತ್ತದೆ. ಬೀದರ, ಯಾದಗಿರಿ ಮತ್ತು ನಿಮ್ಮದೇ ತಾಲೂಕುಗಳಿಗೆ 22, ಮಂಗಳವಾರದವರೆಗೆ ಕಳಿಸಬಹುದು. ಅಂಗಡಿಗೇ ಬಂದು ಒಯ್ಯುವವರಿಗೆ 23ರ ಮಧ್ಯಾಹ್ನ 1 ಗಂಟೆಯವರೆಗೆ. 23ರ ಮಧ್ಯಾಹ್ನದ ನಂತರ ಏನನ್ನೂ ಒಪ್ಪಿಕೊಳ್ಳಬೇಡಿ. ಬಾಕಿ ಬಿಲ್ಟಿಗಳ ಫೋಟೊ ಗಿರಾಕಿಗಳಿಗೆ ಕಳಿಸುವುದಕ್ಕೆ, ಗೋದಾಮಿನ ಸ್ಟಾಕ್ ಎಣಿಸಿ ಪಟ್ಟಿ ಮಾಡುವುದಕ್ಕೆ ಆ ಅರ್ಧ ದಿನ ಬೇಕೇ ಬೇಕು. ಅರ್ಜೆಂಟ್ ನಂಬರಿನ ಕೆಲಸ ನಡೆಯುವುದು ಆ ಪಟ್ಟಿಯ ಮೇಲೆಯೇ. ಅದರ ವಿಷಯ ಮುಂದೆ ಬರುತ್ತದೆ.

ರೋಲರಿನದು ಇನ್ನೂ ಹಿಂದಕ್ಕೆ ಹೋಗುತ್ತದೆ. 21ರ ಸೋಮವಾರ ಹೊರಡಬೇಕಾದರೆ, 20 ಭಾನುವಾರವಾದ್ದರಿಂದ, 19ರ ಶನಿವಾರ ಡ್ರೆಸ್ಸಿಂಗ್ ಮುಗಿದಿರಬೇಕು. ಎಂಟು ದಿನ ಒಣಗಿ 19ಕ್ಕೆ ಸಿದ್ಧವಾಗಬೇಕೆಂದರೆ ಎಮರಿ ಹಚ್ಚುವುದು 11ರ ಶುಕ್ರವಾರ. ಹಳೆಯದನ್ನು ಬಿಡಿಸುವುದು 10ರ ಗುರುವಾರ. ಅಂದರೆ ರೋಲರ್ ನಿಮ್ಮ ವರ್ಕ್‌ಶಾಪ್ ಮುಟ್ಟಬೇಕಾದ್ದು ಡಿಸೆಂಬರ್ 9, ಬುಧವಾರ ಸಂಜೆಯೊಳಗೆ. ಬೀದರ, ಯಾದಗಿರಿಯವರಿಗೆ 10ರಂದು ಬಂದರೂ ಲೆಕ್ಕಕ್ಕೆ ಕೂಡುತ್ತದೆ. ಆದರೆ ರೋಲರಿಗೆ ಎರಡು ಗಡುವು ಹೇಳಬೇಡಿ. ಹತ್ತಿರದವರ ತಾರೀಖು ದೂರದವರ ಕಿವಿಗೂ ಬೀಳುತ್ತದೆ, ಅವರು ಅದನ್ನೇ ನಂಬುತ್ತಾರೆ. ಎಲ್ಲರಿಗೂ 9 ಎಂದೇ ಇರಲಿ. ಉಳಿಯುವ ಒಂದು ದಿನ ಚಳಿಗೆ ಬೇಕಾಗುತ್ತದೆ. ಮ್ಯಾಗ್ನೆಸೈಟ್ ಪುಡಿ ಮತ್ತು ಮ್ಯಾಗ್ನೀಶಿಯಮ್ ಕ್ಲೋರೈಡ್ ನೀರಿನಿಂದ ಕೂಡಿಸಿದ ಎಮರಿ ತಣ್ಣಗಿನ ರಾತ್ರಿಗಳಲ್ಲಿ ನಿಧಾನವಾಗಿ ಗಟ್ಟಿಯಾಗುತ್ತದೆ. ಗಡಿಬಿಡಿಯಲ್ಲಿ ಹಸಿಯಾಗಿರುವಾಗಲೇ ಡ್ರೆಸ್ಸಿಂಗಿಗೆ ಹಾಕಿದರೆ ಅಂಚು ಉದುರುತ್ತದೆ, ಅದು ಗೊತ್ತಾಗುವ ಹೊತ್ತಿಗೆ ನಿಮ್ಮ ಅಂಗಡಿಗೆ ಬೀಗ ಬಿದ್ದಿರುತ್ತದೆ.

9ರ ನಂತರ ಬಂದ ರೋಲರುಗಳನ್ನು ವಾಪಸ್ ಕಳಿಸಬೇಕಿಲ್ಲ. ಒಣಗುವ ಎಂಟು ದಿನ ರೋಲರಿಗೆ ಯಾರ ಕೈಯೂ ಬೇಕಾಗುವುದಿಲ್ಲ. ಹಾಗಾದರೆ ಆ ಎಂಟು ದಿನ ರಜೆಯೊಳಗೇ ಕಳೆಯಲಿ. 21ರ ಸಂಜೆಯೊಳಗೆ ಬಂದದ್ದನ್ನು 22ಕ್ಕೆ ಬಿಡಿಸಿ 23ಕ್ಕೆ ಹಚ್ಚಿದರೆ 31ಕ್ಕೆ ಒಣಗಿರುತ್ತದೆ. ಜನವರಿ 4ಕ್ಕೆ ನೇರ ಡ್ರೆಸ್ಸಿಂಗ್. ಇದನ್ನು ಸಂದೇಶದಲ್ಲಿ ಹೇಳಿದರೆ, 9 ತಪ್ಪಿಸಿಕೊಂಡ ಗಿರಾಕಿ ಬೇರೆ ಊರಿಗೆ ರೋಲರ್ ಒಯ್ಯುವುದಿಲ್ಲ, ಜನವರಿ ಮೊದಲ ವಾರದ ತನಕ ಕಾಯುತ್ತಾನೆ. ಒಣಗಲು ಇಟ್ಟವು ನೆಲದ ತೇವಕ್ಕೆ ತಾಗದಂತೆ ಸ್ಟ್ಯಾಂಡಿನ ಮೇಲಿರಲಿ. ಪ್ರತಿಯೊಂದಕ್ಕೂ ಗಿರಾಕಿಯ ಹೆಸರು, ಊರು, ಹಚ್ಚಿದ ತಾರೀಖು ಬರೆದ ಚೀಟಿ ಕಟ್ಟಿ.

ಇಲ್ಲಿ ಮಿತಿಯನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ದಿನಕ್ಕೆ ಮೂರು ರೋಲರಿನಂತೆ ಜನವರಿ 4, 5, 6ಕ್ಕೆ ಒಂಬತ್ತು ಆಗುತ್ತವೆ. 7ನೇ ತಾರೀಖು ಗುರುವಾರ ಎಳ್ಳ ಅಮಾವಾಸ್ಯೆ. ನಮ್ಮ ಭಾಗದಲ್ಲಿ ಅಂದು ಚರಗ ಚೆಲ್ಲಲು ಹೊಲಕ್ಕೆ ಹೋಗದ ಮನೆ ಅಪರೂಪ, ರಜೆ ಕೊಡಲಿ ಬಿಡಲಿ ಕೆಲಸಗಾರರು ಬರುವುದಿಲ್ಲ, ಲಾರಿಗೆ ಹಮಾಲರೂ ಸಿಗುವುದು ಕಷ್ಟ. ಮತ್ತೆ 8 ಮತ್ತು 9ಕ್ಕೆ ಆರು. ಒಟ್ಟು ಹದಿನೈದು. ಮಧ್ಯೆ ಒಂದೆರಡು ಕೈಕೊಡಬಹುದು ಎಂದು ಹಿಡಿದು ಹನ್ನೆರಡು ರೋಲರಿಗೆ ನಿಲ್ಲಿಸಿ. ಹದಿಮೂರನೆಯವರಿಗೆ ಜನವರಿ 11ರ ವಾರ ಎಂದು ನೇರವಾಗಿ ಹೇಳಿ. ಹೀಗೆ ಎಣಿಸಿದರೆ ಮಾತ್ರ ರಜೆಯ ನಂತರದ ಮಾತು ಉಳಿಯುತ್ತದೆ.

ಎಳ್ಳ ಅಮಾವಾಸ್ಯೆಯ ಕಾರಣಕ್ಕೇ ಹಿಂದಿನ ವರ್ಷದ ಸಂದೇಶವನ್ನು ತಾರೀಖು ಬದಲಿಸಿ ಮತ್ತೆ ಬಳಸುವುದು ಅಪಾಯ. 2024ರಲ್ಲಿ ಅದು ಡಿಸೆಂಬರ್ 30ಕ್ಕೆ ಬಂದಿತ್ತು, ರಜೆಯೊಳಗೇ ಮುಗಿದುಹೋಯಿತು. 2025ರಲ್ಲಿ ಡಿಸೆಂಬರ್ 19, ಅಂದರೆ ಕೊನೆಯ ರವಾನೆಯ ಗಡಿಬಿಡಿಯ ನಡುವೆ. ಈ ಸಲ ಬಾಗಿಲು ತೆರೆದ ನಾಲ್ಕನೇ ದಿನ. ಪ್ರತಿ ವರ್ಷ ನವೆಂಬರಿನಲ್ಲಿ ಪಂಚಾಂಗ ಮುಂದಿಟ್ಟುಕೊಂಡೇ ತಾರೀಖು ಹಾಕಿ.

ಹೀಗಾಗಿ 'ಜನವರಿ 4ಕ್ಕೆ ತೆರೆಯುತ್ತೇವೆ' ಎಂದಷ್ಟೇ ಬರೆದರೆ ಸಾಲದು. ಗಿರಾಕಿ ಅದನ್ನು '4ಕ್ಕೆ ನನ್ನ ಮಾಲು ಹೊರಡುತ್ತದೆ' ಎಂದು ಓದುತ್ತಾನೆ. ತೆರೆದ ದಿನ ಹನ್ನೊಂದು ದಿನದ ಆರ್ಡರ್ ಓದಬೇಕು, ಬಂದ ದುಡ್ಡು ತಾಳೆ ನೋಡಬೇಕು, ಟ್ರಾನ್ಸ್‌ಪೋರ್ಟಿನಿಂದ ಕಾದ ಮಾಲು ಬಿಡಿಸಬೇಕು. ಮೊದಲ ರವಾನೆ 5, ಮಂಗಳವಾರ ಎಂದು ಬೇರೆಯಾಗಿ ಬರೆಯಿರಿ, 7ರ ರಜೆಯನ್ನೂ ಅದರ ಪಕ್ಕದಲ್ಲೇ ಬರೆಯಿರಿ. '24ರಿಂದ 3ರವರೆಗೆ' ಎಂದಾಗ 3ಕ್ಕೆ ಅಂಗಡಿ ಇದೆಯೋ ಇಲ್ಲವೋ ಎಂಬ ಅನುಮಾನವೂ ಉಳಿಯುತ್ತದೆ. ವಾರದ ಹೆಸರು ಮತ್ತು ಇಸವಿ ಜೊತೆಗೆ ಬಂದರೆ ಆ ಅನುಮಾನ ಹೋಗುತ್ತದೆ. ಇಸವಿ ಬರೆಯದ ಸಂದೇಶವನ್ನು ಯಾರೋ ಮುಂದಿನ ವರ್ಷ ಫಾರ್ವರ್ಡ್ ಮಾಡಿ ಗೊಂದಲ ಎಬ್ಬಿಸುತ್ತಾರೆ.

ದುಡ್ಡಿನ ಗಡುವನ್ನೂ ಹೇಳಬೇಕು, ಏಕೆಂದರೆ ಕೊನೆಯ ರವಾನೆ ತಪ್ಪುವುದು ಹೆಚ್ಚಾಗಿ ಅದೊಂದರಿಂದಲೇ. ಈ ವರ್ಷ 25 ಕ್ರಿಸ್‌ಮಸ್, 26 ನಾಲ್ಕನೇ ಶನಿವಾರ, 27 ಭಾನುವಾರ, ಬ್ಯಾಂಕ್ ಸಾಲಾಗಿ ಮೂರು ದಿನ ಬಂದ್. ಯುಪಿಐ, ನೆಫ್ಟ್, ಆರ್‌ಟಿಜಿಎಸ್ ರಜೆಯಲ್ಲೂ ನಡೆಯುತ್ತವೆ, ಚೆಕ್ ನಡೆಯುವುದಿಲ್ಲ. ಹೊರ ಊರಿನ ಆರ್ಡರಿಗೆ 19ರ ಶನಿವಾರ ಮಧ್ಯಾಹ್ನ 2ರೊಳಗೆ ದುಡ್ಡು ಖಾತೆಯಲ್ಲಿ ಕಾಣಬೇಕು, ಚೆಕ್ ಆದರೆ 16ರ ಬುಧವಾರದೊಳಗೆ ಕೈ ಸೇರಬೇಕು ಎಂದು ಇಡಿ. ಬೀದರ, ಯಾದಗಿರಿಯವರಿಗೂ ಇದೇ 19. ಅವರ ಮಾಲು ಒಂದು ದಿನ ತಡವಾಗಿ ಹೊರಟರೆ ನಿಮಗೆ ಪ್ಯಾಕಿಂಗಿಗೆ ಉಸಿರಾಡಲು ಜಾಗ ಸಿಗುತ್ತದೆ, ಅಷ್ಟೇ.

ನಿಮ್ಮ ಡೆಮರೇಜಿನ ಮೂಲ ಒಳಬರುವ ಮಾಲಿನಲ್ಲಿದೆ. ರಜೆಯ ಸಂದೇಶ ಬರೆಯುವವರು ನಾವು ಕಳಿಸುವುದನ್ನು ಮಾತ್ರ ನೆನೆಯುತ್ತಾರೆ, ನಮ್ಮ ಕಡೆಗೆ ಹೊರಟಿರುವುದನ್ನು ಮರೆಯುತ್ತಾರೆ. '21ರ ಸಂಜೆಯ ನಂತರ ಇಲ್ಲಿ ಮುಟ್ಟುವಂತೆ ರೋಲರ್ ಕಳಿಸಬೇಡಿ' ಎನ್ನುವ ಒಂದು ಸಾಲು ಗಿರಾಕಿಗೂ ಹೋಗಬೇಕು, ನೀವು ವ್ಯವಹರಿಸುವ ಪ್ರತಿ ಟ್ರಾನ್ಸ್‌ಪೋರ್ಟ್ ಆಫೀಸಿಗೂ ಹೋಗಬೇಕು. ಟ್ರಾನ್ಸ್‌ಪೋರ್ಟಿನವರಿಗೆ ವಾಟ್ಸಾಪ್ ಸಾಲದು. ಲೆಟರ್‌ಹೆಡ್ಡಿನ ಮೇಲೆ ಬರೆದು, ಬುಕಿಂಗ್ ಕೌಂಟರಿನಲ್ಲಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಅವರ ಸಹಿ ತನ್ನಿ. ಡೆಮರೇಜಿನ ಮಾತು ಎದ್ದಾಗ ಆ ಸಹಿ ಕೆಲಸಕ್ಕೆ ಬರುತ್ತದೆ.

ಹೊರರಾಜ್ಯದ ರೋಲರಿಗೆ ಇನ್ನೊಂದು ತೊಡಕಿದೆ. ಜಾಬ್ ವರ್ಕಿಗೆಂದು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಮಾಲು ಕಳಿಸಿದರೆ ಬೆಲೆ ಎಷ್ಟೇ ಇರಲಿ ಇ-ವೇ ಬಿಲ್ ಬೇಕು, 50,000 ರೂಪಾಯಿಯ ಮಿತಿ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. 200 ಕಿಲೋಮೀಟರಿನ ಒಳಗಿನ ದೂರಕ್ಕೆ ಅದರ ಅವಧಿ ಒಂದು ದಿನ, ಅಂದರೆ ಮಾರನೆಯ ದಿನದ ಮಧ್ಯರಾತ್ರಿಯವರೆಗೆ. ರಜೆ ಇದೆ ಎಂದು ಅದು ನಿಲ್ಲುವುದಿಲ್ಲ. ಸೊಲ್ಲಾಪುರದಿಂದ 23ಕ್ಕೆ ಹೊರಟ ರೋಲರಿನ ಬಿಲ್ 24ರ ಮಧ್ಯರಾತ್ರಿಗೆ ಮುಗಿಯುತ್ತದೆ. ಅವಧಿ ಮುಗಿಯುವ ಎಂಟು ಗಂಟೆ ಮುಂಚಿನಿಂದ ಮುಗಿದ ಎಂಟು ಗಂಟೆಯವರೆಗೆ ಟ್ರಾನ್ಸ್‌ಪೋರ್ಟಿನವರು ಅದನ್ನು ವಿಸ್ತರಿಸಬಹುದು, ಆದರೆ ಯಾರಾದರೂ ನೆನಪಿಸಬೇಕಲ್ಲ. ಆ ದಿನಗಳಲ್ಲಿ ರೋಲರ್ ಹೊರಡದಂತೆ ನೋಡಿಕೊಳ್ಳುವುದೇ ಸುಲಭದ ದಾರಿ.

ಇನ್ನು ಅರ್ಜೆಂಟ್ ನಂಬರ್. ಇದರಲ್ಲಿ ಆಗುವ ತಪ್ಪು ಒಂದೇ ಬಗೆಯದು. ಮಾಲೀಕರು ತಮ್ಮ ನಂಬರನ್ನೇ ಕೊಡುತ್ತಾರೆ, ಆದರೆ ಅವರು ಊರಲ್ಲಿ ಇರುವುದಿಲ್ಲ. ಫೋನ್ ಎತ್ತಿ 'ನಾಲ್ಕನೇ ತಾರೀಖು ನೋಡೋಣ' ಎನ್ನುವುದಾದರೆ ಆ ನಂಬರಿನಿಂದ ಮಿಲ್ ಮಾಲೀಕನಿಗೆ ಏನೂ ಸಿಕ್ಕಂತಾಗಲಿಲ್ಲ. ನಂಬರ್ ಯಾರದು ಎಂದು ತೀರ್ಮಾನಿಸುವ ಮೊದಲು ಗೋದಾಮಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ತೀರ್ಮಾನಿಸಿ. ಊರಲ್ಲೇ ಉಳಿಯುವ, ಕಪನೂರಿಗೆ ಅರ್ಧ ಗಂಟೆಯಲ್ಲಿ ಬರಬಲ್ಲ ಒಬ್ಬರಿಗೆ ಬೀಗದ ಕೈ, ಎಣಿಸಿದ ಸ್ಟಾಕ್ ಪಟ್ಟಿ, ದರದ ಪಟ್ಟಿ, ಅಂಗಡಿಯ ಕ್ಯೂಆರ್ ಕೋಡ್ ಮತ್ತು ಒಂದು ಬಿಲ್ ಪುಸ್ತಕ ಕೊಡಿ. ಮಾಲು ಹೊರಡುವ ಮುಂಚೆ ಅಥವಾ ಹೊರಡುವಾಗ ಬಿಲ್ ಆಗಬೇಕೆಂದು ಜಿಎಸ್‌ಟಿ ಕಾಯ್ದೆ ಹೇಳುತ್ತದೆ, 'ರಜೆ ಮುಗಿದ ಮೇಲೆ ಬಿಲ್ ಮಾಡೋಣ' ಎನ್ನುವಂತಿಲ್ಲ. ಆದರೆ ಒಂದಕ್ಕಿಂತ ಹೆಚ್ಚು ಸರಣಿಯ ಬಿಲ್ ನಂಬರ್ ಬಳಸಲು ಅವಕಾಶವಿದೆ. ರಜೆಯ ಪುಸ್ತಕಕ್ಕೆ ಬೇರೆ ಸರಣಿ ಹಾಕಿದರೆ ಕಂಪ್ಯೂಟರ್ ಬಿಲ್ಲಿನ ಕ್ರಮ ಕೆಡುವುದಿಲ್ಲ. ಆ ಹನ್ನೊಂದು ದಿನದ ಹೊಣೆಗೆ ಅವರಿಗೆ ಬೇರೆ ಭತ್ಯೆ ಕೊಡಿ, ಇದು ಉಪಕಾರಕ್ಕೆ ಮಾಡಿಸುವ ಕೆಲಸವಲ್ಲ.

ಅವರಿಗೆ ಅನಾರೋಗ್ಯವಾದರೆ, ಫೋನ್ ಚಾರ್ಜ್ ಮುಗಿದರೆ ಎಂದು ಎರಡನೇ ನಂಬರ್ ಇರಲಿ. ಆದರೆ 'ಈ ಎರಡರಲ್ಲಿ ಯಾವುದಕ್ಕಾದರೂ' ಎಂದು ಬರೆಯಬೇಡಿ. ಗಿರಾಕಿ ಇಬ್ಬರಿಗೂ ಮಾಡುತ್ತಾನೆ, ಇಬ್ಬರೂ ಇನ್ನೊಬ್ಬರು ನೋಡಿಕೊಂಡಿದ್ದಾರೆ ಎಂದುಕೊಳ್ಳುತ್ತಾರೆ. ಮೊದಲ ನಂಬರ್ ಅರ್ಧ ಗಂಟೆ ಎತ್ತದಿದ್ದರೆ ಮಾತ್ರ ಎರಡನೆಯದು ಎಂದು ಸ್ಪಷ್ಟ ಮಾಡಿ.

ಅರ್ಜೆಂಟ್ ಎಂದರೆ ಏನು ಎನ್ನುವುದನ್ನೂ ನೀವೇ ಹೇಳಬೇಕು, ಇಲ್ಲದಿದ್ದರೆ ದರ ಕೇಳುವವರೂ ಅದೇ ನಂಬರಿಗೆ ಮಾಡುತ್ತಾರೆ. ನಿಮ್ಮ ಮಟ್ಟಿಗೆ ಅದು ಇಷ್ಟೇ: ಬೆಲ್ಟು, ಬೇರಿಂಗ್, ಜಾಳಿ ಅಥವಾ ಎಲಿವೇಟರ್ ಬಕೆಟ್ ಹೋಗಿ ಮಿಲ್ ನಿಂತಿದೆ, ಆ ಭಾಗ ನಿಮ್ಮ ಸ್ಟಾಕಿನಲ್ಲಿದೆ. ರೋಲರಿಗೆ ಎಮರಿ ಹಚ್ಚುವುದು ರಜೆಯಲ್ಲಿ ಆಗದು ಎಂದು ಬರೆದುಬಿಡಿ, ಹುಡುಗರಿಲ್ಲದೆ ಆಗದ ಕೆಲಸಕ್ಕೆ ಆಸೆ ಹುಟ್ಟಿಸಬಾರದು. ಬೆಳಿಗ್ಗೆ 10ರಿಂದ 1, ಡಿಸೆಂಬರ್ 25, ಜನವರಿ 1 ಮತ್ತು ಭಾನುವಾರ ಬಿಟ್ಟು, ಕರೆ ಮಾತ್ರ. ಅಷ್ಟು ಸಾಕು. ಬೇರಿಂಗ್ ವಿಷಯದಲ್ಲಿ ಗಿರಾಕಿಗೆ ನೇರವಾಗಿ ಒಂದು ಮಾತು ಹೇಳಬಹುದು. 6206 ಅಥವಾ ಯುಸಿಪಿ 208 ಥರದವು ಎಲ್ಲ ಕಡೆ ಒಂದೇ ಅಳತೆಯವು, ಅವರ ಊರಿನ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತವೆ. ನಿಮ್ಮ ಅಳತೆಯ ಜಾಳಿ ಮಾತ್ರ ಬೇರೆ ಕಡೆ ಸಿಗದು. ಒಂದು ಬೇರಿಂಗಿನ ವ್ಯಾಪಾರ ತಪ್ಪಿದರೂ, ನಿಂತ ಮಿಲ್ ಅದೇ ಸಂಜೆ ನಡೆದರೆ ಆ ಗಿರಾಕಿ ನಿಮ್ಮನ್ನು ನೆನೆಯುತ್ತಾನೆ.

ಫೋನ್ ಮಾಡುವ ಮುಂಚೆ ಗಿರಾಕಿ ಕೈಯಲ್ಲಿ ಹಿಡಿದಿರಬೇಕಾದ್ದನ್ನೂ ಬರೆಯಿರಿ. ಬೇರಿಂಗಿನ ನಂಬರ್ ಅದರ ರಿಂಗಿನ ಮೇಲೆ ಕೊರೆದಿರುತ್ತದೆ, ಬೆಲ್ಟಿನದು ಬೆನ್ನಿನ ಮೇಲೆ ಬಿ-60 ಎಂಬಂತೆ ಅಚ್ಚಾಗಿರುತ್ತದೆ. ಅದು ಸವೆದುಹೋಗಿದ್ದರೆ ಶಾಫ್ಟಿನ ಅಳತೆ ಮತ್ತು ಹಳೆಯ ಭಾಗದ ಫೋಟೊ. ಇದಿಲ್ಲದೆ ನಡೆಯುವ ಫೋನಿನಲ್ಲಿ 'ಆ ದೊಡ್ಡ ಬೆಲ್ಟು' ಎನ್ನುವುದರಲ್ಲೇ ಹೊತ್ತು ಹೋಗುತ್ತದೆ, ತಪ್ಪು ಮಾಲು ಹೊರಡುತ್ತದೆ. ಆಳಂದ, ಜೇವರ್ಗಿ, ಶಹಾಪುರದ ಕಡೆಗೆ ಒಂದು ಬೆಲ್ಟು ಮುಟ್ಟಿಸಲು ರಜೆಯಲ್ಲಿ ಟ್ರಾನ್ಸ್‌ಪೋರ್ಟಿಗಿಂತ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ ಪಾರ್ಸಲ್ ಅನುಕೂಲ. ಬಸ್ಸಿಗೆ ಹಾಕಿದ ಮೇಲೆ ರಸೀದಿಯ ಫೋಟೊ, ಬಸ್ಸಿನ ನಂಬರ್ ಮತ್ತು ಹೊರಟ ಹೊತ್ತು ಗಿರಾಕಿಗೆ ಹೋಗಬೇಕು.

ಇನ್ನು ಕಳಿಸಿದ ಮಾಲು ಎಲ್ಲಿದೆ ಎಂದು ಕೇಳುವ ಫೋನುಗಳು. ಇವಕ್ಕೆ ಅರ್ಜೆಂಟ್ ನಂಬರ್ ಬೇಕಿಲ್ಲ. ಬಿಲ್ಟಿಯ ಫೋಟೊದ ಜೊತೆಗೆ ಟ್ರಾನ್ಸ್‌ಪೋರ್ಟಿನ ಆ ಊರಿನ ಡೆಲಿವರಿ ಆಫೀಸಿನ ನಂಬರನ್ನು ಅದೇ ದಿನ ಕಳಿಸಿಬಿಟ್ಟರೆ ಗಿರಾಕಿ ನೇರ ಅಲ್ಲಿಗೇ ಕೇಳುತ್ತಾನೆ. 21 ಮತ್ತು 22ರ ಮಾಲಿಗೆ ಇದನ್ನು ತಪ್ಪಿಸಲೇಬಾರದು.

ಇಷ್ಟು ಲೆಕ್ಕ ಮುಗಿದ ಮೇಲೆ ಸಂದೇಶ ತಾನಾಗಿ ಚಿಕ್ಕದಾಗುತ್ತದೆ. ಹೀಗಿರಲಿ:

"ನಮಸ್ಕಾರ. ನಮ್ಮ ಅಂಗಡಿ ಮತ್ತು ವರ್ಕ್‌ಶಾಪ್ 24-12-2026 ಗುರುವಾರದಿಂದ 03-01-2027 ಭಾನುವಾರದವರೆಗೆ (ಎರಡೂ ದಿನ ಸೇರಿ) ಬಂದ್ ಇರುತ್ತದೆ.
ರೋಲರ್: 09-12 ಬುಧವಾರ ಸಂಜೆಯೊಳಗೆ ನಮ್ಮಲ್ಲಿ ಮುಟ್ಟಿದರೆ ರಜೆಗೆ ಮುಂಚೆ ವಾಪಸ್. ನಂತರ 21-12 ಸೋಮವಾರ ಸಂಜೆಯವರೆಗೆ ಬರುವ ಮೊದಲ 12 ರೋಲರ್ ಜನವರಿ 5ರಿಂದ 9ರೊಳಗೆ, ಬಂದ ಸರದಿಯಂತೆ ಸಿದ್ಧ. 21ರ ನಂತರ ದಯವಿಟ್ಟು ಕಳಿಸಬೇಡಿ.
ಸ್ಪೇರ್ಸ್: 19-12 ಶನಿವಾರ ಮಧ್ಯಾಹ್ನ 2ರೊಳಗೆ ಆರ್ಡರ್ ಮತ್ತು ಹಣ. ಚೆಕ್ ಆದರೆ 16-12 ಬುಧವಾರದೊಳಗೆ. ಕೊನೆಯ ರವಾನೆ ಲಾತೂರು, ಸೊಲ್ಲಾಪುರ, ಹೈದರಾಬಾದಿಗೆ 21-12 ಸೋಮವಾರ. ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗೆ 22-12 ಮಂಗಳವಾರ. ಅಂಗಡಿಯಿಂದ ಒಯ್ಯಲು 23-12 ಬುಧವಾರ ಮಧ್ಯಾಹ್ನ 1ರವರೆಗೆ.
ತೆರೆಯುವುದು 04-01-2027 ಸೋಮವಾರ. ಮೊದಲ ರವಾನೆ 05-01 ಮಂಗಳವಾರ. 07-01 ಗುರುವಾರ ಎಳ್ಳ ಅಮಾವಾಸ್ಯೆ ರಜೆ.
ಭಾಗ ಕೆಟ್ಟು ಮಿಲ್ ನಿಂತಿದ್ದರೆ ಮಾತ್ರ: (ಹೆಸರು, ಮೊಬೈಲ್ ನಂಬರ್) ಬೆಳಿಗ್ಗೆ 10ರಿಂದ 1, ಕರೆ ಮಾಡಿ. 25-12, 01-01 ಮತ್ತು ಭಾನುವಾರ ಇಲ್ಲ. ಅರ್ಧ ಗಂಟೆ ಉತ್ತರ ಬರದಿದ್ದರೆ (ಎರಡನೇ ಹೆಸರು, ನಂಬರ್). ಬೇರಿಂಗ್ ಅಥವಾ ಬೆಲ್ಟಿನ ನಂಬರ್ ನೋಡಿ ಇಟ್ಟುಕೊಂಡು ಕರೆ ಮಾಡಿ. ರಜೆಯಲ್ಲಿ ರೋಲರ್ ಕೆಲಸ ಆಗುವುದಿಲ್ಲ."

ಲಾತೂರು, ಉದಗೀರ್, ಸೊಲ್ಲಾಪುರಕ್ಕೆ ಇದನ್ನೇ ಮರಾಠಿಯಲ್ಲಿ, ಹೈದರಾಬಾದ್, ಜಹೀರಾಬಾದಿನವರಿಗೆ ತೆಲುಗು ಅಥವಾ ಹಿಂದಿಯಲ್ಲಿ ಬೇರೆ ಬೇರೆ ಕಳಿಸಿ, ಎಲ್ಲ ಭಾಷೆಯನ್ನೂ ಒಂದರ ಕೆಳಗೊಂದು ತುಂಬಿದರೆ ಯಾರೂ ಕೊನೆಯವರೆಗೆ ಓದುವುದಿಲ್ಲ. ಬಣ್ಣದ ಪೋಸ್ಟರ್ ಮಾಡಿಸಿದರೂ ಅದರ ಜೊತೆಗೆ ಅಕ್ಷರದ ಸಂದೇಶ ಇರಲೇಬೇಕು. ಚಿತ್ರದೊಳಗಿನ ನಂಬರನ್ನು ಒತ್ತಿ ಕರೆ ಮಾಡಲಾಗದು, ಡಿಸೆಂಬರ್ 28ಕ್ಕೆ ಹಳೆಯ ಮಾತುಕತೆಯಲ್ಲಿ ಹುಡುಕಿದರೆ ಅದು ಸಿಗುವುದೂ ಇಲ್ಲ.

ಸಂದೇಶವನ್ನು ಗಡುವುಗಳಿಗೆ ತಕ್ಕಂತೆ ಕಳಿಸಿ. ಮೊದಲನೆಯದು ನವೆಂಬರ್ 25, ಬುಧವಾರ, ರೋಲರ್ ಗಡುವಿಗೆ ಎರಡು ವಾರ ಮುಂಚೆ. ಎರಡನೆಯದು ಡಿಸೆಂಬರ್ 7ಕ್ಕೆ, ರೋಲರಿನ ಸಾಲು ಮಾತ್ರ. ಮೂರನೆಯದು 17ಕ್ಕೆ, ಸ್ಪೇರ್ಸಿನ ಸಾಲು ಮಾತ್ರ. 23ರ ಸಂಜೆ ಕೊನೆಯದು, ಅದರಲ್ಲಿ ಅರ್ಜೆಂಟ್ ನಂಬರ್ ಮತ್ತು ತೆರೆಯುವ ದಿನ ಬಿಟ್ಟು ಬೇರೇನೂ ಬೇಡ. ಡಿಸೆಂಬರ್ 1ರಿಂದ ಪ್ರತಿ ಬಿಲ್ಲು, ಬಿಲ್ಟಿಯ ಮೇಲೆ ರಜೆಯ ತಾರೀಖಿನ ರಬ್ಬರ್ ಸ್ಟ್ಯಾಂಪ್ ಒತ್ತಿ, ಮಿಲ್ಲಿನ ಗುಮಾಸ್ತರ ಕಣ್ಣಿಗೆ ಬೀಳುವುದು ಅದೇ.

ಹೋದ ವರ್ಷ ಸಂದೇಶ ಹಾಕಿದರೂ ಫೋನ್ ನಿಲ್ಲದ್ದಕ್ಕೆ ಇನ್ನೊಂದು ಕಾರಣ ಇರುವ ಸಾಧ್ಯತೆ ಇದೆ. ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ ಕಳಿಸಿದ್ದರೆ, ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. ಕಳಿಸಿದ ಸಂದೇಶವನ್ನು ಒತ್ತಿ ಹಿಡಿದು ಮಾಹಿತಿ ತೆರೆದರೆ ಯಾರಿಗೆ ಮುಟ್ಟಿದೆ ಎಂಬ ಪಟ್ಟಿ ಕಾಣುತ್ತದೆ. ಮರುದಿನ ಅದನ್ನು ನೋಡಿ, ಹೆಸರಿಲ್ಲದವರಿಗೆ ಒಬ್ಬೊಬ್ಬರಿಗೆ ಬೇರೆಯಾಗಿ ಕಳಿಸಿ. ರೋಲರ್ ಬಾಕಿ ಇರುವ ಗಿರಾಕಿಗಳಿಗೆ ಇದನ್ನೂ ನೆಚ್ಚಬೇಡಿ, ಅವರಿಗೆ ಫೋನ್ ಮಾಡಿಯೇ ಹೇಳಬೇಕು.

ವಾಟ್ಸಾಪ್ ಬಿಸಿನೆಸ್ ಬಳಸುತ್ತಿದ್ದರೆ `Away message` ಎಂಬಲ್ಲಿ ತಾನಾಗಿ ಹೋಗುವ ಉತ್ತರ ಇಡಬಹುದು. ಸಮಯಕ್ಕೆ `Custom schedule` ಆರಿಸಿ, 23ರ ಸಂಜೆ 6ರಿಂದ ಜನವರಿ 4ರ ಬೆಳಿಗ್ಗೆ 9ರವರೆಗೆ ಹಾಕಿ. `Always send` ಇಟ್ಟರೆ ಅಂಗಡಿ ತೆರೆದ ಮೇಲೂ ಬಂದ್ ಎಂದೇ ಉತ್ತರ ಹೋಗುತ್ತಿರುತ್ತದೆ. ಆ ಫೋನಿಗೆ ಇಂಟರ್‌ನೆಟ್ ಇದ್ದರೆ ಮಾತ್ರ ಈ ಉತ್ತರ ಹೋಗುತ್ತದೆ, ಆದ್ದರಿಂದ ಅಂಗಡಿಯ ಫೋನನ್ನು ಸ್ವಿಚ್ ಆಫ್ ಮಾಡಿ ಡ್ರಾಯರಿನಲ್ಲಿ ಹಾಕಿ ಹೋಗಬೇಡಿ. ಗೂಗಲ್ ಮ್ಯಾಪಿನಲ್ಲಿ ನಿಮ್ಮ ಅಂಗಡಿ ಇದ್ದರೆ ಅಲ್ಲಿಯೂ `Special hours` ತುಂಬಿ, ದೂರದಿಂದ ರೋಲರ್ ಹೇರಿಕೊಂಡು ಬರುವ ಡ್ರೈವರ್ ನೋಡುವುದು ಅದನ್ನೇ.

22ರ ಸಂಜೆ ಸ್ಟಾಕ್ ಪಟ್ಟಿಯ ಕರಡು ಇಟ್ಟುಕೊಂಡು ಒಂದು ಪರೀಕ್ಷೆ ಮಾಡಿ. ಬೇರೆ ಫೋನಿನಿಂದ ಅರ್ಜೆಂಟ್ ನಂಬರಿಗೆ ಕರೆ ಮಾಡಿಸಿ, 'ಬಿ-60 ಬೆಲ್ಟು ಬೇಕು' ಎನ್ನಿಸಿ. ಅವರು ಬೀಗ ತೆಗೆದು, ಪಟ್ಟಿ ನೋಡಿ, ಬೆಲ್ಟು ಹುಡುಕಿ, ಬಿಲ್ ಬರೆದು, ಹಣ ಬಂದದ್ದನ್ನು ಖಾತರಿ ಮಾಡಿಕೊಳ್ಳುವವರೆಗೆ ನೀವು ಬಾಯಿ ಹಾಕಬೇಡಿ. ಅವರು ನಿಮ್ಮನ್ನು ಏನೇನು ಕೇಳುತ್ತಾರೋ ಅದೆಲ್ಲ ಪಟ್ಟಿಯಲ್ಲಿ ಇರಬೇಕಾಗಿದ್ದದ್ದು, 23ರ ಮಧ್ಯಾಹ್ನ ಅದನ್ನು ಬರೆದು ಸೇರಿಸಿ.

ಜನವರಿ 4ರ ಬೆಳಿಗ್ಗೆ ಬಂದ ಸಂದೇಶಗಳನ್ನು ಮೇಲಿನಿಂದ ಓದುತ್ತ ಹೋಗಬೇಡಿ. ಮೊದಲು ರಜೆಯ ಬಿಲ್ ಪುಸ್ತಕವನ್ನು ಸ್ಟಾಕಿಗೆ ತಾಳೆ ನೋಡಿ, ನಂತರ ಟ್ರಾನ್ಸ್‌ಪೋರ್ಟ್ ಗೋದಾಮಿಗೆ ಒಬ್ಬರನ್ನು ಕಳಿಸಿ, ಆಮೇಲೆ ಹನ್ನೆರಡು ರೋಲರಿನ ಗಿರಾಕಿಗಳಿಗೆ ಅವರವರ ಸರದಿಯ ದಿನ ತಿಳಿಸಿ. ಹೊಸ ಆರ್ಡರ್ ತೆಗೆಯುವುದು ಮಧ್ಯಾಹ್ನದ ಮೇಲೆ.